ಮಗುವಿನ ಮೊದಲ ಶೂ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ಮಗು ಹೆಜ್ಜೆ ಇಡಲು ಶುರು ಮಾಡಿದ ಕೂಡಲೇ ಶೂ ಬೇಕಾ ಎಂದು ಗುಂಪಿನಲ್ಲಿ ಹಲವರು ಕೇಳಿದ್ದೀರಿ. ಮನೆಯೊಳಗೆ ಬೇಡ. ಬರಿಗಾಲಲ್ಲೇ ನಡೆಯಲಿ. ಮಗು ನಿಂತಾಗ ಅದರ ಬೆರಳುಗಳನ್ನು ಹತ್ತಿರದಿಂದ ನೋಡಿ. ವಾಲಿದಾಗಲೆಲ್ಲ ಬೆರಳು ಅಗಲಿಸಿ ನೆಲವನ್ನು ಒತ್ತಿ ಹಿಡಿಯುತ್ತದೆ. ಬ್ಯಾಲೆನ್ಸ್ ಕಲಿಯುವುದೇ ಹಾಗೆ. ನೆಲ ತಣ್ಣಗಿದ್ದರೆ ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಸಾಕ್ಸ್ ಸಾಕು. ಮಾಮೂಲಿ ಸಾಕ್ಸ್ ಜಾರುತ್ತದೆ, ಹುಷಾರು.

ಹೊರಗೆ ನಡೆಯುವಾಗ ಮಾತ್ರ ಶೂ ಬೇಕು, ಅದೂ ಕಲ್ಲು, ಬಿಸಿ, ಗಾಜಿನ ಚೂರಿನಿಂದ ಪಾದ ಕಾಯಲು.

ನನ್ನ ಮಗಳಿಗೆ 13 ತಿಂಗಳಾದಾಗ ಗಟ್ಟಿ ಅಡಿಯ ಚಂದದ ಶೂ ತಂದಿದ್ದೆ. ಬರಿಗಾಲಲ್ಲಿ ಚೆನ್ನಾಗಿ ನಡೆಯುತ್ತಿದ್ದವಳು ಅದನ್ನು ಹಾಕಿದರೆ ಕಾಲನ್ನು ಜಾಸ್ತಿ ಎತ್ತಿ ಧಪ್ ಎಂದು ಇಡುತ್ತಿದ್ದಳು, ತುದಿ ತಗುಲಿ ಮುಗ್ಗರಿಸುತ್ತಿದ್ದಳು. ಹೆಜ್ಜೆ ಎತ್ತುವಾಗ ಪಾದ ಬೆರಳುಗಳ ಬುಡದಲ್ಲಿ ಮಡಚಬೇಕು. ಆ ಅಡಿ ಮಡಚುತ್ತಲೇ ಇರಲಿಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಶೂ ತುದಿಯನ್ನು ಎರಡು ಬೆರಳಿನಿಂದ ಮೇಲಕ್ಕೆ ಒತ್ತಿ. ಬೆರಳಿನ ಬುಡ ಬರುವ ಜಾಗದಲ್ಲಿ ಸುಲಭವಾಗಿ ಬಾಗಬೇಕು. ನಡುವೆ ಮಡಚಿದರೆ ಅಥವಾ ಬಾಗದೇ ಇದ್ದರೆ ಬೇಡ. ಮಗುವನ್ನು ನಿಲ್ಲಿಸಿಯೇ ಅಳತೆ ನೋಡಿ, ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಇರಲಿ. "ಬೆಳೀತಾಳೆ ಬಿಡು" ಅಂತ ದೊಡ್ಡದು ತಂದರೆ ಹಿಮ್ಮಡಿ ಜಾರುತ್ತದೆ. ಎರಡು ತಿಂಗಳಿಗೊಮ್ಮೆ ಮತ್ತೆ ನೋಡಿ. ಶೂ ಬಿಚ್ಚಿದಾಗ ಕೆಂಪು ಗುರುತು ಕಂಡರೆ ಅದು ಬಿಗಿಯಾಗಿದೆ ಅಂತಲೇ ಅರ್ಥ.