ಎಲುಬಿನ ವಯಸ್ಸು ಮತ್ತು ತಾಯಿ ಕಾರ್ಡು

ವಿಜಯಪುರ

ಚಿರಂಜೀವಿ ಸವಿತಾಳಿಗೆ ಮಾಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಮಾಮಾ, ರಿಪೋರ್ಟ್‌ನಲ್ಲಿ ಬೋನ್ ಏಜ್ ಎರಡು ವರ್ಷ ಹಿಂದೆ ಅಂತ ಬಂದರೆ ಅಪ್ಪ-ಅಮ್ಮನಿಗೆ ಏನು ಹೇಳಬೇಕು" ಅಂತ. ಅವಸರದಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಬೆಳಗಾವಿಯಲ್ಲಿ ಮಕ್ಕಳ ವಿಭಾಗದಲ್ಲಿ ಕಲಿಯುತ್ತಿರುವ ನಿನ್ನ ಮುಂದೆ, ಮಗುವಿನ ಎಲುಬು ಎಷ್ಟು ವಯಸ್ಸಿನಷ್ಟು ಬಲಿತಿದೆ ಅಂತ ನೋಡುವ ಇಂಥ ಎಕ್ಸ್-ರೇ ಫಿಲ್ಮ್ ವಾರಕ್ಕೊಂದಾದರೂ ಬರುತ್ತದೆ. ಅದಕ್ಕೇ ನಾನು ತಪ್ಪು ಮಾಡಿದ ಒಂದು ಕೇಸನ್ನೇ ಬರೆಯುತ್ತೇನೆ.

ಇಂಡಿ ಕಡೆಯ ಹುಡುಗ. ತಂದೆಗೆ ನಿಂಬೆ ತೋಟ. ಎತ್ತರ 136 ಸೆಂ.ಮೀ., ಶಾಲೆಯ ಪ್ರಾರ್ಥನೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವನು. ಶಾಲೆ ದಾಖಲೆ ಪ್ರಕಾರ 13 ವರ್ಷ 2 ತಿಂಗಳು. ಎಡಗೈ ಎಕ್ಸ್-ರೇ ನನ್ನ ಟೇಬಲ್ಲಿಗೆ ಬಂತು.

ಫಿಲ್ಮ್ ಚೆನ್ನಾಗಿತ್ತು. ಅಂಗೈ ಪೂರ್ತಿ ಕೆಳಗೆ, ಬೆರಳು ನೆಟ್ಟಗೆ, ಮಣಿಕಟ್ಟಿನ ಮೇಲಿನ ಎಲುಬೂ ಎರಡು ಬೆರಳಷ್ಟು ಸೇರಿತ್ತು. ಇದನ್ನು ಮೊದಲು ನೋಡು. ಬೆರಳು ಮಡಚಿದ್ದರೆ ಎಲುಬಿನ ತುದಿಯ ತುಣುಕಿಗೂ ದಂಡಕ್ಕೂ ನಡುವಿನ ಕಪ್ಪು ಗೆರೆ ಮುಚ್ಚಿಹೋಗುತ್ತದೆ. ಬೆಳವಣಿಗೆ ನಡೆಯುವುದು ಆ ಗೆರೆಯಲ್ಲೇ. ಅದು ಕಾಣದಿದ್ದರೆ ಎಲುಬು ಕೂಡಿಕೊಂಡುಬಿಟ್ಟಿದೆ ಅಂತ ಮೋಸ ಹೋಗುತ್ತೇವೆ.

ಆಮೇಲೆ, ಒಂದೊಂದು ವಯಸ್ಸಿನ ಕೈ ಎಕ್ಸ್-ರೇ ಚಿತ್ರ ಇರುವ ಗ್ರೂಲಿಕ್-ಪೈಲ್ ಅಟ್ಲಾಸ್ ತೆಗೆದೆ. ಗಂಡು ಮಕ್ಕಳ ಪುಟಗಳನ್ನೇ ತೆಗೆದಿದ್ದೇನೆ ತಾನೇ ಅಂತ ಎರಡು ಸಲ ನೋಡಿಕೊಂಡೆ. ಈ ವಯಸ್ಸಿನಲ್ಲಿ ಹುಡುಗಿಯರ ಎಲುಬು ಹುಡುಗರಿಗಿಂತ ಸುಮಾರು ಎರಡು ವರ್ಷ ಮುಂದಿರುತ್ತದೆ. ಪುಟ ಅದಲುಬದಲಾದರೆ ಉತ್ತರವೇ ಬೇರೆ. ಮಣಿಕಟ್ಟಿನ ಸಣ್ಣ ಎಲುಬುಗಳಿಗಿಂತ ಬೆರಳುಗಳಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಹತ್ತು ದಾಟಿದ ಮಕ್ಕಳಲ್ಲಿ ಸರಿಯಾದ ಸುಳಿವು ಸಿಗುವುದು ಅಲ್ಲೇ. ಈ ಹುಡುಗನ ಬೆರಳುಗಳಲ್ಲಿ ತುದಿಯ ತುಣುಕು ದಂಡದಷ್ಟೇ ಅಗಲವಾಗಿತ್ತು. ಆದರೆ ಟೋಪಿಯ ಅಂಚಿನಂತೆ ಬಾಗಿ ದಂಡವನ್ನು ಹಿಡಿದುಕೊಂಡಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ, ಹುಡುಗರಿಗೆ 13ರ ಹೊತ್ತಿಗೆ ಮೂಡುವ ಆ ಪುಟ್ಟ ಸೆಸಮಾಯ್ಡ್ ಎಲುಬೂ ಕಾಣಲಿಲ್ಲ. ಹಿಂದಿನ ಪುಟ, ಮುಂದಿನ ಪುಟ ಇಟ್ಟು ಹೋಲಿಸಿದೆ. 11 ವರ್ಷದ ಚಿತ್ರಕ್ಕೇ ಹತ್ತಿರ.

ಇಲ್ಲಿಯವರೆಗೆ ತಪ್ಪಿಲ್ಲ. ತಪ್ಪಿದ್ದು ಮುಂದಿನ ಸಾಲಿನಲ್ಲಿ. "ವಯಸ್ಸಿಗಿಂತ 2 ವರ್ಷ 2 ತಿಂಗಳು ಹಿಂದೆ, ಸಹಜವಲ್ಲ" ಅಂತ ಬರೆದುಬಿಟ್ಟೆ. ಈ ವಯಸ್ಸಿನ ಆರೋಗ್ಯವಂತ ಹುಡುಗರಲ್ಲೂ ಎಲುಬಿನ ವಯಸ್ಸು ಹೆಚ್ಚುಕಡಿಮೆ ಆಗುತ್ತದೆ. ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದರೆ ಸುಮಾರು 10-11 ತಿಂಗಳು. ಅದರ ಎರಡರಷ್ಟು, ಅಂದರೆ 20-22 ತಿಂಗಳು ದಾಟಿದರೆ ಮಾತ್ರ ಸಹಜವಲ್ಲ ಅನ್ನುತ್ತೇವೆ. ಇವನದು 26 ತಿಂಗಳು, ಆ ಗೆರೆ ದಾಟಿತ್ತು, ಬರೆದೆ. ರಿಪೋರ್ಟ್ ನೋಡಿದ ತಂದೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್‌ಗೆ ಎಷ್ಟಾಗುತ್ತದೆ ಅಂತ ವಿಚಾರಿಸಿ, ತೋಟದ ಮೇಲೆ ಸಾಲ ತೆಗೆಯುವ ಮಾತಾಡುತ್ತಿದ್ದ.

ಹುಡುಗನ ಜನ್ಮ ದಿನಾಂಕ ಜೂನ್ 1. ಅದು ನನ್ನ ಕಣ್ಣಿಗೆ ಬೀಳಬೇಕಿತ್ತು, ಬೀಳಲಿಲ್ಲ. ನಮ್ಮ ಕಡೆ ಎಷ್ಟು ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ ನೋಡು! ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ದಿನ ಅದು. ಮರುವಾರ ತಾಯಿ ಬಂದಾಗ ಸುಮ್ನೆ ಕೇಳಿದೆ, ಇವನು ಹುಟ್ಟಿದ್ದು ಮಳೆಗಾಲದಲ್ಲೇನವ್ವಾ ಅಂತ. "ಇಲ್ರಿ, ಎಳ್ಳಮಾಸಿಗೆ ಚರಗ ಚೆಲ್ಲಿ ಬಂದ ರಾತ್ರಿನ ಹುಟ್ಯಾನ್ರಿ" ಅಂದಳು. ಎಳ್ಳು ಅಮಾವಾಸ್ಯೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಮನೆಯಲ್ಲಿ ಹುಡುಕಿದರೆ ಲಸಿಕೆ ಬರೆದ ತಾಯಿ ಕಾರ್ಡೂ ಸಿಕ್ಕಿತು. ಶಾಲೆ ಹೇಳಿದ್ದಕ್ಕಿಂತ ಏಳು ತಿಂಗಳು ಚಿಕ್ಕವನು. 12 ವರ್ಷ 7 ತಿಂಗಳು. ಅದೇ ಫಿಲ್ಮ್, ಅದೇ 11. ಅಂತರ ಮಾತ್ರ 26ರಿಂದ 19 ತಿಂಗಳಿಗೆ ಇಳಿಯಿತು. ತಡವಾಗಿದೆ ನಿಜ, ಆದರೆ ಸಹಜದ ಗೆರೆಯ ಒಳಗೆ.

ಅದಕ್ಕೇ ಹೇಳುವುದು ಸವಿತಾ, ಹುಟ್ಟಿದ ತಾರೀಖನ್ನು ತಾಯಿಯ ಬಾಯಿಂದ ಕೇಳು, ಕಾರ್ಡು ನೋಡು. ಆದರೆ ಫಿಲ್ಮ್ ಓದಿ ಮುಗಿಸುವವರೆಗೆ ಆ ತಾರೀಖನ್ನು ಮಗುಚಿ ಇಡು. ಮೊದಲೇ ಗೊತ್ತಿದ್ದರೆ ಕಣ್ಣು ಆ ಪುಟದ ಕಡೆಗೇ ಎಳೆಯುತ್ತದೆ.

ಇನ್ನು ಗೆರೆಯ ಒಳಗೆ, ಗೆರೆಯ ಹೊರಗೆ ಅಂತ ಅಷ್ಟಕ್ಕೇ ತೀರ್ಮಾನ ಮಾಡಬೇಡ. ಎಲುಬು ತಡ ಅನ್ನುವುದು ಯಾವ ಕಾಯಿಲೆಯ ಹೆಸರೂ ಅಲ್ಲ. ಥೈರಾಯ್ಡ್ ಕಡಿಮೆಯಾದರೂ ತಡ, ಹೊಟ್ಟೆಗೆ ಸಾಲದಿದ್ದರೂ ತಡ, ಗೋಧಿ ಒಗ್ಗದ ಸೀಲಿಯಾಕ್ ಇದ್ದರೂ ತಡ. ಬೇರೆ ಮಾಡಿ ತೋರಿಸುವುದು ಬೆಳೆಯುವ ವೇಗ. ಈ ಹುಡುಗ ಹಿಂದಿನ ವರ್ಷ 5 ಸೆಂ.ಮೀ. ಬೆಳೆದಿದ್ದ. 4 ಕೂಡ ಬೆಳೆದಿರದಿದ್ದರೆ, ಎಲುಬು ಏನೇ ಹೇಳಲಿ, ನಾನು ರಕ್ತ ಪರೀಕ್ಷೆಗೆ ಕಳಿಸಿ ಅನ್ನುತ್ತಿದ್ದೆ. ವೃಷಣದ ಅಳತೆ 3 ಮಿ.ಲೀ., ಅಂದರೆ ಹರೆಯ ಇನ್ನೂ ಶುರುವಾಗಿಲ್ಲ. ತಂದೆಯನ್ನು ಕೇಳಿದರೆ "ಹತ್ತನೇತ್ತ ಮುಗದ ಮ್ಯಾಲೇ ನಾನೂ ಉದ್ದ ಆಗಿದ್ದು" ಅಂದ. ಎಲ್ಲವೂ ಒಂದೇ ಕಡೆ ಕೈ ತೋರಿಸುತ್ತಿದ್ದವು. ಮನೆತನದಲ್ಲೇ ಬಂದ ತಡ.

ತಂದೆ ಕೊನೆಗೆ ಕೇಳುವುದು ಒಂದೇ, ಎಷ್ಟು ಎತ್ತರ ಆಗುತ್ತಾನೆ? ಎಲುಬಿನ ವಯಸ್ಸು 11 ಇರುವ ಹುಡುಗ ತನ್ನ ಪೂರ್ತಿ ಎತ್ತರದ ನೂರಕ್ಕೆ ಸುಮಾರು 80-82 ಪಾಲು ಮುಗಿಸಿರುತ್ತಾನೆ. 136ನ್ನು ಅದರಿಂದ ಭಾಗಿಸಿದರೆ 166ರಿಂದ 170. ಎಲುಬು 13ರದ್ದಾಗಿದ್ದರೆ ಸುಮಾರು 88 ಪಾಲು ಮುಗಿದು, 155ರ ಹತ್ತಿರಕ್ಕೇ ನಿಲ್ಲುತ್ತಿದ್ದ. ತಂದೆ 168, ತಾಯಿ 154. ಕೂಡಿಸಿ, ಗಂಡು ಮಗುವಿಗೆ 13 ಸೇರಿಸಿ, ಅರ್ಧ ಮಾಡಿದರೆ 167.5. ಎರಡು ದಾರಿಯ ಲೆಕ್ಕ ಒಂದೇ ಊರಿಗೆ ಬಂತು.

ಆದರೂ "168 ಆಗ್ತಾನೆ" ಅಂತ ಹೇಳಬೇಡ. ಅಟ್ಲಾಸಿನಲ್ಲಿರುವುದು 1930ರ ದಶಕ, 1940ರ ಮೊದಲ ವರ್ಷಗಳಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಉಂಡುಟ್ಟು ಬೆಳೆದ ಮಕ್ಕಳ ಕೈಗಳು, ನಮ್ಮ ಇಂಡಿಯ ಮಕ್ಕಳವಲ್ಲ. ಎತ್ತರದ ಲೆಕ್ಕವೂ 5-6 ಸೆಂ.ಮೀ. ಆಚೀಚೆ ಆಗಬಹುದು. ನಾನು ಹೀಗೆ ಹೇಳಿದೆ: "ಇವನ ಎಲುಬು ಇನ್ನೂ ಸಣ್ಣವು. ಬೆಳೆಯಲು ಉಳಿದ ಕಾಲ ಓರಗೆಯವರಿಗಿಂತ ಜಾಸ್ತಿ ಇದೆ. ನಿಮ್ಮಿಬ್ಬರ ಎತ್ತರದ ಆಸುಪಾಸಿಗೆ ಬರಬಹುದು. ಆರು ತಿಂಗಳಿಗೊಮ್ಮೆ ಅಳೆಯೋಣ. ಈಗ ಇಂಜೆಕ್ಷನ್ ಬೇಡ." ತಾಯಿ ಎಕ್ಸ್-ರೇ ಕಿರಣಕ್ಕೆ ಹೆದರಿದ್ದಳು. ಈ ಒಂದು ಫಿಲ್ಮಿನಿಂದ ಬರುವ ಕಿರಣ, ಮಣ್ಣಿನಿಂದ, ಆಕಾಶದಿಂದ ಒಂದು ದಿನಕ್ಕೆ ನಮಗೆ ತಾಗುವುದಕ್ಕಿಂತ ಕಡಿಮೆ ಅಂದ ಮೇಲೆ ಸಮಾಧಾನವಾಯಿತು. ಹಾಗಂತ ಮೂರು ತಿಂಗಳಿಗೊಮ್ಮೆ ತೆಗೆಸಬೇಡ. ಅಷ್ಟರಲ್ಲಿ ಎಲುಬು ಬದಲಾಗುವುದಕ್ಕಿಂತ ನಮ್ಮ ಓದಿನ ವ್ಯತ್ಯಾಸವೇ ದೊಡ್ಡದಿರುತ್ತದೆ.

20 ತಿಂಗಳ ಮೇಲೆ ಮತ್ತೆ ಬಂದ. 146 ಸೆಂ.ಮೀ. ಹೆಬ್ಬೆರಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ಸೆಸಮಾಯ್ಡ್ ಮೂಡಿತ್ತು. ತಾಯಿಗೆ ಫಿಲ್ಮ್ ಬೆಳಕಿಗೆ ಹಿಡಿದು ತೋರಿಸಿದೆ, ಬಹಳ ಹೊತ್ತು ನೋಡಿದಳು.

ನನ್ನ ಹಳೇ ಅಟ್ಲಾಸನ್ನು ಬರುವ ಭಾನುವಾರ ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತೇನೆ. ಗಂಡು ಮಕ್ಕಳ 11ರ ಪುಟದಲ್ಲಿ ಪೆನ್ಸಿಲಿನಿಂದ "ಜೂನ್ 1?" ಅಂತ ಬರೆದಿದೆ, ಅಳಿಸಬೇಡ.

ನಿನ್ನ ಮಾಮಾ