ರಜೆಯ ಅರ್ಜಿ ಬರೆಯುವ ಮುಂಚೆ ರೋಸ್ಟರ್ ನೋಡು

ಮಾಟುಂಗಾ, ಮುಂಬೈ
ಜುಲೈ 12

ಚಿರಂಜೀವಿ ಪ್ರಸನ್ನನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪುಣೆಯ ನಿನ್ನ ಆಸ್ಪತ್ರೆಯಲ್ಲಿ ಕೊಡೋಕೆ ಅಂತ ನೀನು ಬರೆದು ಕಳಿಸಿದ ರಜೆ ಅರ್ಜಿ ಓದಿದೆ. ಆಗಸ್ಟ್ 1ರಿಂದ 30ರವರೆಗೆ, ನೀಟ್ ಪಿಜಿ ಓದಿಗೆ, ಒಂದು ತಿಂಗಳು ರಜೆ. ಇಂಗ್ಲಿಷ್ ಚೆನ್ನಾಗಿದೆ, ವಿನಯವೂ ಇದೆ. ಆದರೆ ಮಗು, ಇದನ್ನು ಹೀಗೇ ಕೊಡಬೇಡ. ವಾಪಸ್ ಬರುತ್ತೆ.

ಇಲ್ಲಿನ ಆಸ್ಪತ್ರೆಯೊಂದರ ಮೆಡಿಸಿನ್ ವಿಭಾಗದ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು ನಾನು. ಇಂಥ ಅರ್ಜಿಗಳನ್ನು, ಬಂದ ಕಾಗದಗಳನ್ನು ದಾಖಲಿಸುವ ಆವಕ್ ರಿಜಿಸ್ಟರಿನಲ್ಲಿ ಬರೆದು, ಫೈಲಿಗೆ ಹಾಕಿ ವಿಭಾಗದ ಮುಖ್ಯಸ್ಥರಾದ ಎಚ್‌ಓಡಿ ಸರ್ ಮೇಜಿನ ಮೇಲೆ ಇಡುತ್ತಿದ್ದವಳು ನಾನೇ. ಸರ್ ಮೊದಲು ಅರ್ಜಿ ಓದುತ್ತಿರಲಿಲ್ಲ. ತಾರೀಖು ಮಾತ್ರ ನೋಡಿ, ಕುರ್ಚಿ ತಿರುಗಿಸಿ ಗೋಡೆಯ ಮೇಲಿನ ಡ್ಯೂಟಿ ರೋಸ್ಟರ್ ಮೇಲೆ ಪೆನ್ಸಿಲ್ ಓಡಿಸುತ್ತಿದ್ದರು. ಪೆನ್ಸಿಲ್ ಎಲ್ಲಿ ನಿಂತಿತೋ ಅಲ್ಲೇ ಅರ್ಜಿಯೂ ನಿಂತಿತು. ಹುಡುಗ ಓದಬೇಕೋ ಬೇಡವೋ ಅನ್ನೋದು ಅವರ ಪ್ರಶ್ನೆಯಲ್ಲ. ಆ ಗುರುವಾರ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಯಾರು ನಿಲ್ತಾರೆ ಅನ್ನೋದೇ ಪ್ರಶ್ನೆ. ಅದರಲ್ಲೂ ಆಗಸ್ಟ್. ಪುಣೆಯಲ್ಲೂ ಮುಂಬೈಯಲ್ಲೂ ಮಳೆಗಾಲದ ಜ್ವರ ಏರೋ ತಿಂಗಳು. ಡೆಂಗ್ಯೂ, ಮಲೇರಿಯಾ, ಲೆಪ್ಟೋ ಬಂದು ಮೆಡಿಸಿನ್ ವಾರ್ಡಿನಲ್ಲಿ ನೆಲದ ಮೇಲೂ ಹಾಸಿಗೆ ಹಾಕುತ್ತಾರೆ.

ಇನ್ನೊಂದು ತೊಡಕು ನಿನ್ನ ಅರ್ಜಿಯಲ್ಲೇ ಇದೆ, ನಿನಗೆ ಕಂಡಿಲ್ಲ. ನಿಮ್ಮ ವಿಭಾಗದಲ್ಲಿ ಹೌಸ್ ಆಫೀಸರುಗಳು ಮೂವರು ಅಂದಿದ್ದೆ. ಮೂವರೂ ಎಂಬಿಬಿಎಸ್ ಮುಗಿಸಿ ಇದೇ ಪರೀಕ್ಷೆಗೆ ಕಾಯ್ತಿರೋರು. ಅಂದರೆ ಮೂರು ಅರ್ಜಿಯೂ ಅದೇ ತಾರೀಖಿಗೆ ಬರುತ್ತವೆ. ಬೇರೆ ಬೇರೆ ಕೊಟ್ಟರೆ ಮೊದಲು ಕೊಟ್ಟವನಿಗೆ ಸಿಗುತ್ತೆ, ಇಲ್ಲ ಯಾರಿಗೂ ಸಿಗಲ್ಲ. ನಾನು ಜಾಸ್ತಿ ನೋಡಿದ್ದು ಎರಡನೆಯದನ್ನೇ.

ಅದಕ್ಕೆ ಮೊದಲು ಮೂವರೂ ಒಟ್ಟಿಗೆ ಕೂತುಕೊಳ್ಳಿ. ಪರೀಕ್ಷೆ ಆಗಸ್ಟ್ 30, ಭಾನುವಾರ ಅಂತ ಬರೆದಿದ್ದೀಯ. 28, 29, 30, ಈ ಮೂರು ದಿನ ಮೂವರಿಗೂ ಬೇಕು. ಸೆಂಟರ್ ಬೇರೆ ಊರಿಗೆ ಬಿದ್ದರೆ ಹೋಗಬೇಕಲ್ವಾ. ಅದರ ಹಿಂದಿನ ಮೂರು ವಾರವನ್ನು ಹಂಚಿಕೊಳ್ಳಿ: ಒಬ್ಬರಿಗೆ 7ರಿಂದ 13, ಇನ್ನೊಬ್ಬರಿಗೆ 14ರಿಂದ 20, ಮೂರನೆಯವರಿಗೆ 21ರಿಂದ 27. ಒಬ್ಬೊಬ್ಬರಿಗೆ ಏಳು ದಿನ, ಕೊನೆಯ ಮೂರು ಸೇರಿ ಹತ್ತು. ಆ ಮೂರು ವಾರವೂ ವಾರ್ಡಿನಿಂದ ಕಡಿಮೆಯಾಗೋದು ಒಬ್ಬರೇ. ಕೊನೆಯ ವಾರ ಎಲ್ಲರಿಗೂ ಬೇಕು, ಅದಕ್ಕೆ ಚೀಟಿ ಎತ್ತಿ. ಚೀಟಿಯಲ್ಲಿ ಬರದೇ ಹೋದರೆ ಬೇಜಾರು ಬೇಡ. ಆ ವಾರ ನಿನಗೆ ರಜೆಗಿಂತ ರಾತ್ರಿ ನಿದ್ದೆ ಮುಖ್ಯ. ಕೊನೆಯ ರಾತ್ರಿ ಡ್ಯೂಟಿ 25ಕ್ಕೇ ಮುಗಿಯಲಿ ಅಂತ ಬೇರೆಯಾಗಿ ಕೇಳು. ಹೋದ ವರ್ಷ ಪರೀಕ್ಷೆ ಬೆಳಗ್ಗೆ 9ರಿಂದ ಮಧ್ಯಾಹ್ನ 12.30ರವರೆಗೆ ಇತ್ತು. 200 ಪ್ರಶ್ನೆ, 40ರಂತೆ ಐದು ಭಾಗ, ಒಂದೊಂದಕ್ಕೆ 42 ನಿಮಿಷ, ಮುಗಿದ ಭಾಗಕ್ಕೆ ಮತ್ತೆ ಹೋಗೋ ಹಾಗಿಲ್ಲ. ನಿದ್ದೆಗೆಟ್ಟ ತಲೆಗೆ ಅದು ಆಗೋ ಕೆಲಸವಲ್ಲ.

ಇನ್ನು ಆ ಕೊನೆಯ ಮೂರು ದಿನ ಯಾರು ನಿಲ್ತಾರೆ? ಪಿಜಿ ರೆಸಿಡೆಂಟುಗಳನ್ನೇ ಕೇಳಬೇಕು, ಅವರಿಗೆ ಈ ಪರೀಕ್ಷೆ ಇಲ್ಲ. ಸುಮ್ನೆ ಕೇಳಿದರೆ ಯಾರೂ ಒಪ್ಪಲ್ಲ. ಸೆಪ್ಟೆಂಬರಿನಲ್ಲಿ ಗಣಪತಿ ಇದೆಯಲ್ಲ. ಪುಣೆಯಲ್ಲಿ ಹಬ್ಬಕ್ಕೆ ಮನೆಗೆ ಹೋಗಬೇಕು ಅನ್ನದ ರೆಸಿಡೆಂಟ್ ಯಾರಿದ್ದಾರೆ? ಹಬ್ಬದ ದಿನ, ಗೌರಿಯ ದಿನ, ವಿಸರ್ಜನೆಯ ರಾತ್ರಿ ನಾವು ನಿಲ್ಲುತ್ತೇವೆ ಅಂತ ಹೇಳಿ. ನಮ್ಮ ವಿಭಾಗದಲ್ಲಿ ಒಪ್ಪಿಗೆಯಾದ ಅದಲುಬದಲುಗಳಲ್ಲಿ ಅರ್ಧಕ್ಕರ್ಧ ಗಣಪತಿಯ ಲೆಕ್ಕದಲ್ಲೇ ಆಗಿದ್ದವು. ಒಪ್ಪಿದವರ ಹೆಸರು, ತಾರೀಖು ಒಂದು ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಕೋ. ಬಾಯಿಮಾತಿನ ಅದಲುಬದಲು ಹಬ್ಬ ಹತ್ತಿರ ಬಂದಾಗ ಜಗಳ ತರುತ್ತೆ.

ಆಮೇಲೆ ಅರ್ಜಿ. ಒಂದೇ ಪುಟ ಇರಲಿ, ಯೂನಿಟ್ ಹೆಡ್ ಮೂಲಕ ಹೋಗಲಿ. ಅವರ ಸಹಿ ಇಲ್ಲದೆ ನೇರವಾಗಿ ಹೋದ ಅರ್ಜಿಯನ್ನು ಎಚ್‌ಓಡಿ ಕೆಳಗೇ ಕಳಿಸುತ್ತಾರೆ. ಚೀಟಿಯಲ್ಲಿ ನಿನಗೆ 14ರಿಂದ 20 ಬಂತು ಅಂತ ಇಟ್ಟುಕೊಂಡರೆ, ವಿಷಯ ಹೀಗಿರಲಿ:

"ನಾನು ನಿಮ್ಮ ವಿಭಾಗದ ಎರಡನೇ ಯೂನಿಟ್ಟಿನ ಹೌಸ್ ಆಫೀಸರ್. ಆಗಸ್ಟ್ 30ರಂದು ನೀಟ್ ಪಿಜಿ ಬರೆಯುತ್ತಿದ್ದೇನೆ. ಆಗಸ್ಟ್ 14ರಿಂದ 20 ಮತ್ತು 28ರಿಂದ 30, ಒಟ್ಟು ಹತ್ತು ದಿನ ರಜೆ ಬೇಕು. ಈ ದಿನಗಳಲ್ಲಿ ನನ್ನ ಪಾಲಿಗೆ ಬರುವ ಡ್ಯೂಟಿಗಳನ್ನು ಯಾರು ಮಾಡುತ್ತಾರೆ ಎಂಬ ಪಟ್ಟಿ ಅವರ ಸಹಿಯೊಂದಿಗೆ ಇದೆ. ಆಗಸ್ಟ್ 25ರ ನಂತರ ರಾತ್ರಿ ಡ್ಯೂಟಿ ಬೇಡವೆಂದು ವಿನಂತಿ. ಪರೀಕ್ಷೆ ಮುಂದಕ್ಕೆ ಹೋದರೆ ಆ ಕ್ಷಣಕ್ಕೆ ಉಳಿದಿರುವ ರಜೆಯನ್ನು ರದ್ದು ಮಾಡಿಕೊಂಡು ಡ್ಯೂಟಿಗೆ ಬರುತ್ತೇನೆ, ಅಷ್ಟು ದಿನವನ್ನು ಹೊಸ ತಾರೀಖಿಗೆ ಬದಲಿಸಿ ಕೊಡಬೇಕು."

ಕೊನೆಯ ಆ ಸಾಲನ್ನು ಬಿಡಬೇಡ. 2024ರಲ್ಲಿ ಜೂನ್ 23ಕ್ಕೆ ಇದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದಕ್ಕೆ ಹಾಕಿದರು, ಆಗಿದ್ದು ಆಗಸ್ಟ್ 11ಕ್ಕೆ. ನಾನು ನಿವೃತ್ತಳಾದ ವರ್ಷ ಅದು. ನಮ್ಮ ಒಬ್ಬ ಹುಡುಗ ಇದ್ದಬದ್ದ ರಜೆಯನ್ನೆಲ್ಲ ಜೂನಿನಲ್ಲೇ ಮುಗಿಸಿದ್ದ. ಆಗಸ್ಟಿನಲ್ಲಿ ಅವನಿಗೆ ಉಳಿದಿದ್ದು ಎರಡೇ ದಿನ. ಬೆಳಗ್ಗೆ ರೌಂಡ್ಸ್ ಮುಗಿಸಿ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದ, ಬೇರೆ ದಾರಿ ಇದೆಯಾ ಮೇಡಂ ಅಂತ. ಇರಲಿಲ್ಲ. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಜ್ವರ ಅಂತ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟುಬಿಡು ಅಂತ ನಿನ್ನ ಗೆಳೆಯ ಹೇಳಿದನಂತೆ. ಬೇಡ ಕಣೋ. ಜ್ವರದ ತಾರೀಖೂ ಪರೀಕ್ಷೆಯ ತಾರೀಖೂ ಒಂದೇ ಆದಾಗ ಯಾರಿಗೆ ಗೊತ್ತಾಗಲ್ಲ? ಆ ಕಾಗದ ನಿನ್ನ ಫೈಲಿನಲ್ಲೇ ಉಳಿಯುತ್ತೆ. ನಾಳೆ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೇಳೋದೂ ಅದೇ ಎಚ್‌ಓಡಿ ಹತ್ತಿರ.

ನಿನ್ನ ನೇಮಕಾತಿ ಆದೇಶವನ್ನೂ ತೆಗೆದು ನೋಡು. ಎಷ್ಟು ರಜೆ ಇದೆ, ಹೆಚ್ಚಾದರೆ ಸಂಬಳ ಹಿಡಿಯುತ್ತಾರೋ, ಆರು ತಿಂಗಳ ಅವಧಿ ಮುಂದಕ್ಕೆ ಹೋಗುತ್ತೋ ಅಂತ ಅದರಲ್ಲಿ ಬರೆದಿರುತ್ತಾರೆ. ಹತ್ತು ದಿನ ಅದರೊಳಗೆ ಬರದಿದ್ದರೆ, ಉಳಿದದ್ದು ಸಂಬಳವಿಲ್ಲದ ರಜೆ ಆದರೂ ಸರಿ ಅಂತ ಅರ್ಜಿಯಲ್ಲೇ ಹೇಳು.

ಆಗಸ್ಟ್ ರೋಸ್ಟರ್ ಜುಲೈ 25ರ ಹೊತ್ತಿಗೆ ಹಾಕುತ್ತಾರೆ ಅಂದೆ. ಹಾಗಾದರೆ 20ರೊಳಗೆ ಅರ್ಜಿ ಆಫೀಸಿನಲ್ಲಿ ಇರಬೇಕು. ರೋಸ್ಟರ್ ಗೋಡೆಗೆ ಅಂಟಿದ ಮೇಲೆ ಬಂದ ಅರ್ಜಿ ಅಂದರೆ ಇನ್ನೊಬ್ಬರ ಹೆಸರು ಹೊಡೆದು ಹಾಕುವ ಕೆಲಸ, ಅದು ಯಾರಿಗೂ ಇಷ್ಟವಿಲ್ಲ. ಎರಡು ಪ್ರತಿ ಒಯ್ದು ನಿನ್ನ ಪ್ರತಿಯ ಮೇಲೆ ಆವಕ್ ನಂಬರ್, ಸಿಕ್ಕಾ ಹಾಕಿಸಿಕೋ. ಸರ್ ವಾಟ್ಸ್ಆ್ಯಪ್‌ನಲ್ಲಿ ಹೆಬ್ಬೆರಳು ತೋರಿಸಿದರೆ ಅದು ಮಂಜೂರಿ ಅಲ್ಲ. ಸಹಿಯಾದ ಕಾಗದ ಕೈಗೆ ಬರೋ ತನಕ ಊರು ಬಿಡಬೇಡ.

ಇಷ್ಟು ಮಾಡಿಯೂ ಹತ್ತು ದಿನ ಕೊಡದಿದ್ದರೆ ವಾದ ಮಾಡಬೇಡ. ಆ ಮೂರು ದಿನ ಮತ್ತು ರಾತ್ರಿ ಡ್ಯೂಟಿಯ ಮಾತನ್ನು ಮಾತ್ರ ಹಿಡಿದು ಕೇಳು. ಅಷ್ಟನ್ನು ಇಲ್ಲ ಅಂದ ಎಚ್‌ಓಡಿಯನ್ನು ನಾನು ಕಂಡಿಲ್ಲ.

ಸೆಂಟರ್ ಮುಂಬೈಗೆ ಬಿದ್ದರೆ ಶುಕ್ರವಾರವೇ ಇಲ್ಲಿಗೆ ಬಂದುಬಿಡು. ಹಿಂದಿನ ಕೋಣೆ ಖಾಲಿ ಇದೆ, ರಸ್ತೆ ಸದ್ದು ಅಲ್ಲಿಗೆ ಬರಲ್ಲ. ಚೀಟಿಯಲ್ಲಿ ನಿನಗೆ ಯಾವ ವಾರ ಬಂತು ಅಂತ ಫೋನ್ ಮಾಡಿ ಹೇಳು.

ಇಂತಿ,
ನಿನ್ನ ದೊಡ್ಡಮ್ಮ