ಶೇಟರಿಗೆ ಬರೆಯುವ ಕೊನೆಯ ಪತ್ರ

ಚಿ. ಪುಟ್ಟಿಗೆ,

ಮಾಟುಂಗಾದಿಂದ ನಿನ್ನ ಸೋದರಮಾವನ ಆಶೀರ್ವಾದಗಳು.

ಭೋಸರಿಯ ಶೇಟರಿಗೆ ನೀನು ಬರೆದಿಟ್ಟ ಪತ್ರ ಓದಿದೆ. ಅವರ ಲೆಕ್ಕದ ಕೆಲಸ ಬಿಟ್ಟುಬಿಡುವ ನಿನ್ನ ನಿರ್ಧಾರ ಸರಿ. ಪ್ರತಿ ತಿಂಗಳೂ 19ರ ರಾತ್ರಿ ಬಿಲ್ಲುಗಳ ಫೋಟೋ ಕಳಿಸಿ, 20ರೊಳಗೆ ಜಿಎಸ್‌ಟಿಯ 3ಬಿ ರಿಟರ್ನ್ ಹಾಕು ಎನ್ನುವುದು, ತಡವಾದರೆ ದಿನಕ್ಕೆ 50 ರೂಪಾಯಿಯ ದಂಡವನ್ನು ನಿನ್ನ ಫೀಯಲ್ಲೇ ಮುರಿದುಕೊಳ್ಳುವುದು, ಇದನ್ನು ಎಷ್ಟು ವರ್ಷ ಸಹಿಸುತ್ತೀ?

ಆದರೆ ಪತ್ರ ಹೀಗೆ ಬೇಡ. ಅವರ ತಪ್ಪುಗಳನ್ನೆಲ್ಲ ಎರಡು ಪುಟ ಬರೆದಿದ್ದೀ. ಒಂದೊಂದಕ್ಕೂ ಅವರ ಹತ್ತಿರ ಉತ್ತರವಿರುತ್ತದೆ. ‘ಇನ್ನು ಮೇಲೆ 5ನೇ ತಾರೀಖಿಗೇ ಬಿಲ್ಲು ಕೊಡುತ್ತೇನಮ್ಮ’ ಎಂದರೆ ಏನು ಹೇಳುತ್ತೀ? ‘ಸಮಯ ಸಾಲುತ್ತಿಲ್ಲ’ ಎಂಬುದನ್ನೂ ತೆಗೆ. ದೀಪಾವಳಿ ಕಳೆದ ಮೇಲೆ ನೋಡೋಣ ಎಂದು ಕಾಯುತ್ತಾ ಕೂರುತ್ತಾರೆ. ಇಷ್ಟು ಸಾಕು:

‘ನಾನು ಕೆಲಸ ಶುರು ಮಾಡಿದಾಗ ಮೊದಲು ಲೆಕ್ಕ ಒಪ್ಪಿಸಿದವರು ನೀವು. ಅದನ್ನು ಮರೆತಿಲ್ಲ. ಸೆಪ್ಟೆಂಬರ್ 30ರ ನಂತರ ನಿಮ್ಮ ಲೆಕ್ಕದ ಕೆಲಸವನ್ನು ನಾನು ಮಾಡುವುದಿಲ್ಲ. ಆಗಸ್ಟ್ ತಿಂಗಳ ಎರಡೂ ರಿಟರ್ನ್ ನಾನೇ ಹಾಕುತ್ತೇನೆ. ಅದಕ್ಕೆ ಬಿಲ್ಲುಗಳು ಸೆಪ್ಟೆಂಬರ್ 7ರೊಳಗೆ ಬರಬೇಕು. ಬಾಕಿ ಫೀಯ ವಿವರ ಜೊತೆಗಿದೆ.’

ಇದನ್ನು ಆಗಸ್ಟ್ 22ರ ಸುಮಾರಿಗೆ ಕಳಿಸು. ಆ ತಿಂಗಳ 3ಬಿ ಮುಗಿದಿರುತ್ತದೆ, ಹೊಸಬರನ್ನು ಹುಡುಕಲು ಅವರಿಗೂ ಒಂದು ತಿಂಗಳಿಗಿಂತ ಹೆಚ್ಚು ಸಮಯ ಸಿಗುತ್ತದೆ. ಇನ್ನೊಂದು ರಿಟರ್ನ್ ಜಿಎಸ್‌ಟಿಆರ್-1 ಹಾಕಬೇಕಾದ 11ನೇ ತಾರೀಖಿನ ಹಿಂದಿನ ದಿನ ಕೈಬಿಟ್ಟರೆ ಅದು ಸೇಡು ತೀರಿಸಿಕೊಂಡಂತೆ. ನಮಗೆ ಅದು ಬೇಡ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ಹೆಸರಿನ ಎದುರು ಇರುವುದು ನಿನ್ನ ಮೊಬೈಲ್ ನಂಬರು, ನಿನ್ನ ಇಮೇಲು. ಅದು ಹಾಗೇ ಉಳಿದರೆ ಹೊಸ ಲೆಕ್ಕಿಗ ರಿಟರ್ನ್ ಹಾಕುವಾಗಲೂ ಒಟಿಪಿ ನಿನಗೇ ಬರುತ್ತದೆ, ಶೇಟರ ಫೋನೂ ನಿನಗೇ ಬರುತ್ತದೆ. ಇಲಾಖೆಯ ನೋಟಿಸಿನ ಸುದ್ದಿ ಅವರಿಗೆ ತಲುಪದೆ ಹೋಗಬಹುದು, ಆಗ ದೂರು ನಿನ್ನ ಮೇಲೆ. ಅವರ ಅಂಗಡಿಯಲ್ಲೇ ಕೂತು, ಅವರ ಎದುರಿಗೇ ಎರಡನ್ನೂ ಬದಲಿಸು. ಟ್ಯಾಲಿಯ ಬ್ಯಾಕಪ್, ಪಾಸ್‌ವರ್ಡ್, ಡಿಜಿಟಲ್ ಸಹಿಯ ಟೋಕನ್ ಕೊಟ್ಟು, ಪಟ್ಟಿಗೆ ಅವರ ಸಹಿ ಹಾಕಿಸಿಕೊ. ಬಾಕಿ ಬರಲಿಲ್ಲವೆಂದು ಇವನ್ನು ಹಿಡಿದಿಡಬೇಡ. ಬಾಕಿಯನ್ನು ಬೇರೆ ಪತ್ರದಲ್ಲಿ, ತಾರೀಖು ಕೊಟ್ಟು ಕೇಳು.

ಪತ್ರ ತಲುಪಿದ ಕೂಡಲೇ ಫೋನ್ ಮಾಡುತ್ತಾರೆ, ಫೀ ಹೆಚ್ಚಿಸುತ್ತೇನೆ ಎನ್ನುತ್ತಾರೆ. ‘ಫೀಯ ಮಾತಲ್ಲ ಶೇಟ್‌ಜಿ, ನಿರ್ಧಾರ ಆಗಿದೆ’ ಎನ್ನು. ಕಾರಣ ಕೇಳಿದರೂ ಅದನ್ನೇ ಹೇಳು. ಬೇರೆ ಯಾರನ್ನಾದರೂ ತೋರಿಸು ಎಂದರೆ ತೋರಿಸು, ಆದರೆ ಆ ಹುಡುಗನಿಗೆ ಬಿಲ್ಲುಗಳು 19ಕ್ಕೆ ಬರುತ್ತವೆ ಎಂದು ಮೊದಲೇ ತಿಳಿಸಿ, ಅವನು ಒಪ್ಪಿದರೆ ಮಾತ್ರ ನಂಬರು ಕೊಡು.

ಇಂತಿ,
ನಿನ್ನ ಮಾವ